ಗಡುವು ಮೀರಿದ ಆಸ್ಪತ್ರೆ ಬಿಲ್ಲು

ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದಾಗ ಬಿಲ್ಲುಗಳೆಲ್ಲ ಒಂದು ಪ್ಲಾಸ್ಟಿಕ್ ಚೀಲ ಸೇರುತ್ತವೆ. ಅದನ್ನು ಬಿಚ್ಚಿ ನೋಡುವ ಹೊತ್ತಿಗೆ ಕಚೇರಿಗೆ ಕೊಡಬೇಕಾದ ಗಡುವು ಮುಗಿದಿರುತ್ತದೆ. 'ಟೈಮ್ ಆಗಿಹೋಯ್ತು, ಇನ್ನು ತಗೊಳ್ಳಲ್ಲ' ಎಂದು ಗುಮಾಸ್ತರು ಹೇಳಿದ್ದನ್ನೇ ಕೊನೆಯ ತೀರ್ಪೆಂದು ನಂಬಿ ಸುಮ್ಮನಾಗುವವರು ಬಹಳ. ಇದು ಸರಿಯಲ್ಲ. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸಲು ನಿಯಮದಲ್ಲೇ ಅವಕಾಶವಿದೆ.

ಕೇಂದ್ರ ಸರ್ಕಾರಿ ನೌಕರರ ಸಂಗತಿಯನ್ನೇ ನೋಡೋಣ. ಸಿಜಿಎಚ್‌ಎಸ್ ವ್ಯಾಪ್ತಿಗೆ ಬಾರದವರಿಗೆ 1944ರ ವೈದ್ಯಕೀಯ ನಿಯಮಗಳು ಅನ್ವಯಿಸುತ್ತವೆ. ಮೊದಲು ಮೂರು ತಿಂಗಳಿದ್ದ ಗಡುವು ಈಗ ಆರು ತಿಂಗಳಾಗಿದೆ. ಈ ಆರು ತಿಂಗಳನ್ನು ಎಣಿಸಬೇಕಾದದ್ದು ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದಲ್ಲ, ಚಿಕಿತ್ಸೆ ಮುಗಿದ ದಿನದಿಂದ. ಆ ದಿನ ಯಾವುದೆಂಬುದನ್ನು ವೈದ್ಯರು ಕೊಡುವ ಕೊನೆಯ ಎಸೆನ್ಷಿಯಾಲಿಟಿ ಸರ್ಟಿಫಿಕೇಟ್ ತೋರಿಸುತ್ತದೆ. ತಡವಾಯಿತೆಂದು ಕೈಚೆಲ್ಲುವ ಮೊದಲು ಆ ಪ್ರಮಾಣಪತ್ರವನ್ನು ತೆಗೆದು ನೋಡಬೇಕು; ಕೆಲವೊಮ್ಮೆ ವಿಳಂಬವೇ ಆಗಿರುವುದಿಲ್ಲ.

ನಿಜಕ್ಕೂ ತಡವಾಗಿದ್ದರೆ ಏನು ಮಾಡಬೇಕು? ಹುಬ್ಬಳ್ಳಿಯಲ್ಲಿರುವ ಒಬ್ಬ ನೌಕರರನ್ನು ಊಹಿಸಿಕೊಳ್ಳಿ. ಅವರ ಪತ್ನಿಯ ಚಿಕಿತ್ಸೆ ಮಾರ್ಚ್ 20ಕ್ಕೆ ಮುಗಿಯಿತು, ಗಡುವು ಸೆಪ್ಟೆಂಬರ್ 20. ಆದರೆ ಸೆಪ್ಟೆಂಬರ್ 2ರಂದು ಅವರೇ ಬಿದ್ದು ಕಾಲು ಮುರಿದುಕೊಂಡು, ಶಸ್ತ್ರಚಿಕಿತ್ಸೆಯಾಗಿ, ನವೆಂಬರ್ 10ರಂದು ಫಿಟ್‌ನೆಸ್ ಪಡೆದು ಕೆಲಸಕ್ಕೆ ಮರಳಿದರು. ಅರ್ಜಿ ಕೊಟ್ಟದ್ದು ನವೆಂಬರ್ 18ಕ್ಕೆ, ಅಂದರೆ 59 ದಿನ ತಡವಾಗಿ.

'ಅನಿವಾರ್ಯ ಕಾರಣಗಳಿಂದ ತಡವಾಯಿತು' ಎಂದು ಒಂದೇ ಸಾಲು ಬರೆದುಕೊಟ್ಟರೆ ಈ ಅರ್ಜಿ ಬಿದ್ದುಹೋಗುತ್ತದೆ. ಮನ್ನಿಸುವ ಅಧಿಕಾರ ಸಾಮಾನ್ಯವಾಗಿ ಇಲಾಖೆಯ ಮುಖ್ಯಸ್ಥರದು. ನಾಳೆ ಆಡಿಟ್‌ನವರು ಕೇಳಿದರೆ ಉತ್ತರಿಸಬೇಕಾದವರು ಅವರೇ. ಹಾಗಾಗಿ ಅವರ ಕೈಗೆ ದಾಖಲೆ ಬೇಕು. ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ವೈದ್ಯಕೀಯ ರಜೆ ಮಂಜೂರಾದ ಆದೇಶ, ಫಿಟ್‌ನೆಸ್ ಪ್ರಮಾಣಪತ್ರ ಸೇರಿದರೆ ಸೆಪ್ಟೆಂಬರ್ 2ರಿಂದ ನವೆಂಬರ್ 10ರವರೆಗಿನ ಅವಧಿಗೆ ಆಧಾರ ಸಿಕ್ಕಿತು.

ಆದರೆ ನುರಿತ ಅಧಿಕಾರಿ ಅಲ್ಲಿಗೇ ನಿಲ್ಲುವುದಿಲ್ಲ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಏಕೆ ಕೊಡಲಿಲ್ಲ ಎಂದು ಕೇಳುತ್ತಾರೆ. ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲಿಯೇ. ನಮ್ಮ ಉದಾಹರಣೆಯ ನೌಕರರಿಗೆ ಆಸ್ಪತ್ರೆಯವರು ಬಿಲ್ಲು ತಿದ್ದಿ, ಸಹಿ ಹಾಕಿದ ಪ್ರಮಾಣಪತ್ರ ಕೊಟ್ಟದ್ದೇ ಆಗಸ್ಟ್ 25ಕ್ಕೆ. ಅದಕ್ಕಾಗಿ ಅವರು ಆಸ್ಪತ್ರೆಗೆ ಬರೆದ ಪತ್ರಗಳ ಪ್ರತಿಯೂ, ಪ್ರಮಾಣಪತ್ರ ಕೈಸೇರಿದ ದಿನಾಂಕವೂ ಜೊತೆಗಿದ್ದರೆ ಆ ಪ್ರಶ್ನೆಗೂ ಉತ್ತರವಾಯಿತು. ಕೊನೆಯ ಎಂಟು ದಿನ ಎಲ್ಲಿ ಹೋಯಿತೆಂದೂ ಒಂದು ಸಾಲು ಬರೆಯಬೇಕು. ದಿನಾಂಕದ ಪ್ರಕಾರ ಒಂದು ಪುಟದ ವಿವರಣೆ ಸಾಕು, ಆದರೆ ನಡುವೆ ಖಾಲಿ ಜಾಗ ಉಳಿಯಬಾರದು. ಹಿಂದಿನ ದಿನಾಂಕ ಹಾಕಿಸಿಕೊಂಡ ಪ್ರಮಾಣಪತ್ರವನ್ನಂತೂ ಎಂದಿಗೂ ಲಗತ್ತಿಸಬಾರದು. ನಿಜವಾದ ಬಿಲ್ಲನ್ನೂ ಅದು ಸಂಶಯಕ್ಕೆ ಈಡುಮಾಡುತ್ತದೆ, ಶಿಸ್ತುಕ್ರಮಕ್ಕೂ ದಾರಿಯಾಗುತ್ತದೆ.

ವಿಳಂಬ ಮನ್ನಾ ಕೋರುವ ಪತ್ರವನ್ನು ಬಿಲ್ಲುಗಳ ಜೊತೆಗೇ, ಮೇಲಧಿಕಾರಿಯ ಮೂಲಕ ಕೊಟ್ಟು, ಟಪಾಲು ವಿಭಾಗದ ಮೊಹರು ಬಿದ್ದ ಸ್ವೀಕೃತಿ ಪ್ರತಿ ಇಟ್ಟುಕೊಳ್ಳಬೇಕು. ಯಾರಾದರೂ ಬಾಯಿಮಾತಿನಲ್ಲಿ ಆಗುವುದಿಲ್ಲವೆಂದರೆ ಕಾರಣಸಹಿತ ಲಿಖಿತ ಆದೇಶ ಕೇಳಬೇಕು. ಮುಂದಿನ ಹೋರಾಟಕ್ಕೆ ಬೇಕಾದದ್ದು ಆ ಕಾಗದವೇ. ಮನ್ನಾ ಸಿಕ್ಕಿತೆಂದರೆ ಪೂರ್ತಿ ಹಣ ಸಿಕ್ಕಿತೆಂದೂ ಅಲ್ಲ. ಬಿಲ್ಲು ಎಷ್ಟೇ ಆಗಿರಲಿ, ಸರ್ಕಾರ ನಿಗದಿಪಡಿಸಿದ ದರದಷ್ಟೇ ಮಂಜೂರಾಗುತ್ತದೆ.

ಇಂಥ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟಿನ 2018ರ ಶಿವಕಾಂತ್ ಝಾ ತೀರ್ಪನ್ನು ಉಲ್ಲೇಖಿಸುವವರಿದ್ದಾರೆ. ಚಿಕಿತ್ಸೆ ನಿಜವಾಗಿ ನಡೆದಿದೆಯೇ, ಅದಕ್ಕೆ ದಾಖಲೆ ಇದೆಯೇ ಎಂಬುದೇ ಮುಖ್ಯ ಎಂದು ಅದು ಹೇಳಿದೆ. ಆದರೆ ಆ ಪ್ರಕರಣ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲಿ ಪಡೆದ ಚಿಕಿತ್ಸೆಯದು, ಗಡುವಿನದಲ್ಲ. ಅದನ್ನು ಪೂರಕವಾಗಿ ಹೇಳಬಹುದು, ಅದರ ಮೇಲೇ ಪೂರ್ತಿ ಭಾರ ಹಾಕಬಾರದು.

ಖಾಸಗಿ ಕಂಪನಿಯವರು ಮೊದಲು ತಿಳಿಯಬೇಕಾದದ್ದು ಹಣ ಕೊಡುವವರು ಯಾರೆಂಬುದು. ಕಂಪನಿಯೇ ಕೊಡುವುದಾದರೆ ಅದರ ನೀತಿಯೇ ಆಧಾರ. ಗುಂಪು ವಿಮೆಯಿಂದ ಬರುವುದಾದರೆ, ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ಯಾಂತ್ರಿಕವಾಗಿ ತಳ್ಳಿಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ.

ಮತ್ತೆ ಕೇಂದ್ರ ನೌಕರರ ಮಾತಿಗೆ ಬಂದರೆ, ಇಲಾಖೆ ಅಂತಿಮವಾಗಿ ನಿರಾಕರಿಸಿದರೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠವಿದೆ. ಅಲ್ಲಿಗೂ ಗಡುವುಂಟು. ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಹೋಗಬೇಕು. ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷ. ಈ ನಡುವೆ ಮನವಿಯ ಮೇಲೆ ಮನವಿ ಬರೆಯುತ್ತ ಕುಳಿತರೆ ಆ ವರ್ಷ ಹಿಗ್ಗುವುದಿಲ್ಲ.