ಸೈಕಲ್ ಬಾರ್ ಮೇಲೆ ಬಿದ್ದ ಮಗು: ಯಾವುದು ಸಣ್ಣ ಗಾಯ, ಯಾವುದು ಅಲ್ಲ?

ರಜೆ ಬಂತೆಂದರೆ ಮಕ್ಕಳು ದೊಡ್ಡವರ ಸೈಕಲ್ ಹಿಡಿಯುತ್ತಾರೆ. ಸೀಟಿನ ಮೇಲೆ ಕುಳಿತರೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಪೆಡಲಿನಿಂದ ಪಾದ ಜಾರಿದ ಕೂಡಲೇ ಮಗು ಕಾಲಗಲಿಸಿಕೊಂಡು ಬಾರಿನ ಮೇಲೆ ಬೀಳುತ್ತದೆ. ಗೇಟು ಹತ್ತುವಾಗ, ಮಂಚದ ಅಂಚಿನಲ್ಲಿ ಕುಣಿಯುವಾಗ, ಪಾರ್ಕಿನ ಕಂಬಿಯ ಮೇಲೆ ಆಡುವಾಗಲೂ ಹೀಗಾಗುತ್ತದೆ. ಪೆಟ್ಟು ಬಿದ್ದಿರುವುದು ಗುಪ್ತಾಂಗಕ್ಕೆ. ಹಾಗಾಗಿ ಮಗು ಹೇಳಲು ನಾಚುತ್ತದೆ, ಮನೆಯವರು ತೋರಿಸಲು ಹಿಂಜರಿಯುತ್ತಾರೆ.

ಈ ಪೆಟ್ಟಿನಲ್ಲಿ ಆಗುವುದೇನೆಂದು ಮೊದಲು ತಿಳಿದುಕೊಳ್ಳಿ. ಹೊಟ್ಟೆಯ ಕೆಳತುದಿಯಲ್ಲಿ ಕೈಗೆ ಸಿಗುವ ಗಟ್ಟಿ ಮೂಳೆಯೇ ಜಘನಾಸ್ಥಿ. ಕೆಳಗಿನಿಂದ ಕಬ್ಬಿಣದ ಬಾರ್, ಮೇಲಿನಿಂದ ಈ ಮೂಳೆ. ಇವೆರಡರ ನಡುವೆ ಮೆತ್ತನೆಯ ಭಾಗ ಜಜ್ಜಿಹೋಗುತ್ತದೆ. ಆ ಜಾಗದಲ್ಲಿ ಹೆಣ್ಣುಮಕ್ಕಳಿಗಿರುವುದು ರಕ್ತ ತುಂಬಿದ ಹೊರತುಟಿಗಳು, ಗಂಡುಮಕ್ಕಳಿಗಿರುವುದು ಮೂತ್ರನಾಳ. ಆದ್ದರಿಂದ ಹೆಣ್ಣುಮಗುವಿನಲ್ಲಿ ನೋಡಲು ಭಯವಾಗುವಂತಹ ಗಾಯ ಅನೇಕ ಬಾರಿ ಸಣ್ಣದಾಗಿರುತ್ತದೆ. ಗಂಡುಮಗುವಿನಲ್ಲಿ ಹೊರಗೆ ಏನೂ ಕಾಣದಿದ್ದರೂ ಒಳಗೆ ದೊಡ್ಡ ಗಾಯ ಆಗಿರಬಹುದು.

ಹೆಣ್ಣುಮಗುವಿಗೆ ಪೆಟ್ಟಾದರೆ

ಮಗುವನ್ನು ಮಲಗಿಸಿ, ಶುಚಿಯಾದ ಹತ್ತಿ ಬಟ್ಟೆಯನ್ನು ಮಡಚಿ ಹೊರಗಿನಿಂದ ಒತ್ತಿಹಿಡಿಯಿರಿ. ನಡುನಡುವೆ ತೆಗೆದು ನೋಡದೆ ಪೂರ್ತಿ 10 ನಿಮಿಷ ಹಿಡಿಯಬೇಕು. ಹತ್ತಿಯನ್ನಾಗಲಿ ಬಟ್ಟೆಯನ್ನಾಗಲಿ ಒಳಗೆ ತುರುಕಬೇಡಿ. ರಕ್ತ ನಿಂತ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10ರಿಂದ 15 ನಿಮಿಷ ಇಡಿ, ತೆಗೆಯಿರಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಡಿ.

ಗಾಯ ಹೊರಭಾಗದಲ್ಲಿ, ಮುಂದೆ ಅಥವಾ ಒಂದು ಬದಿಯಲ್ಲಿ ಮಾತ್ರ ಇದ್ದು, ರಕ್ತ 10 ನಿಮಿಷದಲ್ಲಿ ನಿಂತು, ಬಾವು ಹೆಚ್ಚದೆ, ಮಗು ರಕ್ತವಿಲ್ಲದ ಮೂತ್ರ ಮಾಡಿದರೆ ಅದು ಸಣ್ಣ ಗಾಯ. ಇಂತಹ ತರಚು ಕೆಲವೇ ದಿನಗಳಲ್ಲಿ ಕೂಡಿಕೊಳ್ಳುತ್ತದೆ. ನೀಲಿಗಟ್ಟಿದ್ದು ಮಾಯಲು ಒಂದೆರಡು ವಾರ ಬೇಕು.

ಉರಿಗೆ ಹೆದರಿ ಮಗು ಮೂತ್ರ ತಡೆದುಕೊಂಡರೆ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಿಸಿ, ಅದರಲ್ಲೇ ಮೂತ್ರ ಮಾಡಲು ಹೇಳಿ. ಇಸ್ತಿಂಜಾ ಮಾಡಿಸುವಾಗ ಉಜ್ಜದೆ ಮೇಲಿನಿಂದ ನೀರು ಸುರಿದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು. ಸೋಪು, ಡೆಟಾಲ್ ಬೇಡ.

ಆದರೆ ಒತ್ತಿಹಿಡಿದರೂ ರಕ್ತ ನಿಲ್ಲದಿದ್ದರೆ, ಒಳಗಿನಿಂದ ಅಥವಾ ಮಲದ್ವಾರದ ಕಡೆಯಿಂದ ಬರುತ್ತಿದ್ದರೆ, ಚೂಪಾದ ವಸ್ತು ಚುಚ್ಚಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಒಂದು ಬದಿಯ ಬಾವು ಗಂಟೆಗಂಟೆಗೂ ದೊಡ್ಡದಾಗುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟುತ್ತಿದೆ ಎಂದರ್ಥ. ಅದು ಮೂತ್ರದ ದಾರಿಯನ್ನು ಒತ್ತಿ ಮುಚ್ಚಬಲ್ಲದು. ಅಲ್ಲಿ ಮಗುವಿಗೆ ಅರಿವಳಿಕೆ ಕೊಟ್ಟು ಪರೀಕ್ಷಿಸಬೇಕು ಎಂದರೆ ಗಾಬರಿಯಾಗಬೇಡಿ. ನೋವಿನಿಂದ ಕಾಲು ಬಿಗಿಹಿಡಿದ ಮಗುವಿನ ಗಾಯ ಎಲ್ಲಿಯವರೆಗೆ ಹೋಗಿದೆ ಎಂದು ಸರಿಯಾಗಿ ನೋಡಲು ಅದೇ ದಾರಿ.

ಅನೇಕ ತಾಯಂದಿರು ತಗ್ಗಿದ ಸ್ವರದಲ್ಲಿ ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಡಾಕ್ಟ್ರೇ, ಮುಂದೆ ಮದುವೆಗೆ ತೊಂದರೆಯಾಗುತ್ತದಾ?" ಕನ್ಯಾಪೊರೆ ತುಟಿಗಳ ಮರೆಯಲ್ಲಿ, ಒಳಗಿದೆ. ಬಾರಿನ ಪೆಟ್ಟು ಬೀಳುವುದು ಹೊರಗೆ. ಪೊರೆಗೆ ತಗಲುವುದು ಅಪರೂಪ. ಈ ಭಯದಿಂದ ಆಸ್ಪತ್ರೆಗೆ ಹೋಗದಿರುವುದೂ ಬೇಡ, ಮನೆಯಲ್ಲಿ ಅಗಲಿಸಿ ನೋಡುವುದೂ ಬೇಡ. ವೈದ್ಯೆಯೇ ನೋಡಲಿ ಎಂದು ಕೇಳಬಹುದು, ತಾಯಿ ಪಕ್ಕದಲ್ಲೇ ಇರಬಹುದು. ಆದರೆ ರಕ್ತ ಹರಿಯುತ್ತಿರುವಾಗ ವೈದ್ಯೆ ಬರುವವರೆಗೆ ಕಾಯಬೇಡಿ.

ಗಂಡುಮಗುವಿಗೆ ಪೆಟ್ಟಾದರೆ

ಹತ್ತು ವರ್ಷದ ಹುಡುಗನೊಬ್ಬನ ಉದಾಹರಣೆ ತೆಗೆದುಕೊಳ್ಳಿ. ಅಸರ್ ನಂತರ ಸೈಕಲ್‌ನಿಂದ ಬಿದ್ದ. ಸ್ವಲ್ಪ ಹೊತ್ತು ಮುದುಡಿ ಕುಳಿತು, ಆಮೇಲೆ ಎದ್ದು ಮನೆಗೆ ಬಂದ. ಹೊರಗೆ ಗಾಯವಿಲ್ಲ. ರಾತ್ರಿ ತಾಯಿ ಚಡ್ಡಿಯಲ್ಲಿ ಎರಡು ಹನಿ ರಕ್ತ ಕಂಡರು. ಮೂತ್ರಕ್ಕೆ ಹೋದರೆ ಬರುತ್ತಿಲ್ಲ. ತಂದೆ ನೀರು ಕುಡಿಸಿ, "ಮುಕ್ಕು, ಬರುತ್ತದೆ" ಎಂದರು. ಮುಕ್ಕಿದಾಗ ಮತ್ತೆ ರಕ್ತವೇ ಬಂತು.

ಶಿಶ್ನದ ತುದಿಯಲ್ಲಿ ಕಂಡ ಆ ಎರಡು ಹನಿಯೇ ಇಲ್ಲಿ ಮುಖ್ಯ ಲಕ್ಷಣ. ಮೂತ್ರದ ಜೊತೆಗಲ್ಲದೆ ತಾನಾಗಿ ರಕ್ತ ಒಸರಿದರೆ ಮೂತ್ರನಾಳ ಹರಿದಿರಬಹುದು. ಆಗ ಮುಕ್ಕಿದರೆ ಮೂತ್ರ ಹರಿದ ಜಾಗದಿಂದ ಸುತ್ತಲಿನ ಮಾಂಸಕ್ಕೆ ಸೋರಿ ಕೀವಾಗುತ್ತದೆ. ನೀರು ಕುಡಿಸುವುದನ್ನು, ಮುಕ್ಕಿಸುವುದನ್ನು ನಿಲ್ಲಿಸಿ, ಆ ರಾತ್ರಿಯೇ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಮೂತ್ರದ ನಳಿಗೆಯನ್ನು ಸಣ್ಣ ಕ್ಲಿನಿಕ್‌ನಲ್ಲಿ ಹಾಕಿಸಬೇಡಿ. ಕುರುಡಾಗಿ ತೂರಿಸಿದ ನಳಿಗೆ ಅರ್ಧ ಹರಿದದ್ದನ್ನು ಪೂರ್ತಿ ಹರಿಯಬಹುದು. ಆಸ್ಪತ್ರೆಯಲ್ಲಿ ತುದಿಯಿಂದ ಔಷಧದ್ರವ ಬಿಟ್ಟು ಎಕ್ಸ್‌ರೇ ತೆಗೆದು ಹರಿದ ಜಾಗ ನೋಡುತ್ತಾರೆ. ನಾಳ ಹರಿದಿದ್ದರೆ ಹಲವು ಬಾರಿ ಹೊಟ್ಟೆಯ ಕೆಳಭಾಗದಿಂದ ನೇರ ಮೂತ್ರಕೋಶಕ್ಕೆ ನಳಿಗೆಯಿಟ್ಟು, ನಾಳಕ್ಕೆ ಕೆಲವು ವಾರ ವಿಶ್ರಾಂತಿ ಕೊಡುತ್ತಾರೆ.

ವೃಷಣದ ಚೀಲ ಊದಿಕೊಂಡರೆ, ನೋವು ಒಂದು ಗಂಟೆ ಕಳೆದರೂ ಇಳಿಯದಿದ್ದರೆ, ವಾಂತಿಯಾದರೆ ಅದೂ ತುರ್ತು. ವೃಷಣ ಒಡೆದಿರಬಹುದು ಅಥವಾ ತಿರುಚಿಕೊಂಡಿರಬಹುದು. ತಿರುಚಿಕೊಂಡ ವೃಷಣವನ್ನು ಉಳಿಸಿಕೊಳ್ಳಲು ಸಿಗುವ ಹೊತ್ತು ಸುಮಾರು 6 ಗಂಟೆ ಮಾತ್ರ. ಅಲ್ಟ್ರಾಸೌಂಡ್ ಮಾಡಿಸದೆ ಬೆಳಗಿನವರೆಗೆ ಕಾಯಬೇಡಿ.

ಮದ್ದಿನ ವಿಷಯ

ನಾನು ಯುನಾನಿ ವೈದ್ಯ, ಆದ್ದರಿಂದ ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಬಿಸಿ ಶಾಖ, ಅಂದರೆ ನಮ್ಮ ತಕ್ಮೀದ್, ಪೆಟ್ಟಾದ ಮೊದಲ ದಿನ ಬೇಡ. ಶಾಖಕ್ಕೆ ರಕ್ತನಾಳ ಹಿಗ್ಗಿ ಬಾವು ಹೆಚ್ಚುತ್ತದೆ. ತೆರೆದ ಗಾಯಕ್ಕೆ ಅರಿಶಿನ, ಕಾಫಿಪುಡಿ, ಎಣ್ಣೆ, ಮರಹಂ ಯಾವುದನ್ನೂ ಹಚ್ಚಬೇಡಿ. ಹಚ್ಚಿದರೆ ಗಾಯ ಕೊಳೆಯಾಗುವುದಲ್ಲದೆ ವೈದ್ಯರಿಗೆ ಅದರ ಅಂಚೂ ಕಾಣದು. ನೋವಿಗೆ ಪ್ಯಾರಸಿಟಮಾಲ್ ಸಾಕು: 20 ಕಿಲೋ ತೂಕದ ಮಗುವಿಗೆ ಒಂದು ಬಾರಿಗೆ 250 ಮಿಲಿಗ್ರಾಂ, 6 ಗಂಟೆಗಳ ಅಂತರದಲ್ಲಿ. ಆಸ್ಪಿರಿನ್ ಬೇಡವೇ ಬೇಡ. ಚರ್ಮ ಹರಿದಿದ್ದರೆ ಲಸಿಕೆ ಕಾರ್ಡ್ ತೆಗೆದುಕೊಂಡು ಹೋಗಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ವೈದ್ಯರು ಅದನ್ನು ನೋಡಿ ಹೇಳುತ್ತಾರೆ.

ಹೇಗೆ ಬಿತ್ತು, ಯಾರು ನೋಡಿದರು ಎಂದು ವೈದ್ಯರು ಕೇಳುತ್ತಾರೆ. ಮಗುವನ್ನು ಪ್ರತ್ಯೇಕವಾಗಿಯೂ ಮಾತನಾಡಿಸಬಹುದು. ಅದನ್ನು ಅವಮಾನವೆಂದು ತಿಳಿಯಬೇಡಿ. ಹೊರಗೆ ಏನೂ ಇಲ್ಲದೆ ಒಳಗೆ ಮಾತ್ರ ಗಾಯವಿದ್ದರೆ ಬಿದ್ದ ಕಥೆ ಅದಕ್ಕೆ ಹೊಂದುವುದಿಲ್ಲ. ಯಾರಾದರೂ ಮಗುವಿಗೆ ತೊಂದರೆ ಕೊಟ್ಟಿರಬಹುದೇ ಎಂದು ವಿಚಾರಿಸುವುದು ವೈದ್ಯರ ಕರ್ತವ್ಯ. ಸಂಶಯ ಬಂದರೆ ವರದಿ ಮಾಡಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ.

ಗಾಯ ಮಾಸಿದ ಮೇಲೂ ಒಂದು ವಿಷಯ ನೆನಪಿರಲಿ. ಮೂತ್ರನಾಳಕ್ಕೆ ಪೆಟ್ಟಾಗಿದ್ದರೆ ಒಳಗಿನ ಕಲೆ ಬಿಗಿದು ದಾರಿ ಕಿರಿದಾಗಬಹುದು. ಇದು ತಿಂಗಳುಗಳ ನಂತರ, ಕೆಲವರಲ್ಲಿ ವರ್ಷಗಳ ನಂತರ ಗೊತ್ತಾಗುತ್ತದೆ. ಮೂತ್ರದ ಧಾರೆ ಸಣ್ಣದಾಯಿತೇ, ಎರಡಾಗಿ ಸೀಳುತ್ತಿದೆಯೇ, ಮುಗಿಸಲು ಹೆಚ್ಚು ಹೊತ್ತು ಬೇಕೇ ಎಂದು ಮಗನನ್ನು ಆಗಾಗ ಕೇಳಿ. ಹೌದು ಎಂದರೆ ಹಳೆಯ ಪೆಟ್ಟಿನ ಕಾಗದಗಳೊಂದಿಗೆ ಮೂತ್ರಾಂಗ ತಜ್ಞರಿಗೆ ತೋರಿಸಿ.