ಒಂದು ಚೀಲಕ್ಕೆ 47 ಪೌಂಡ್

ಮಂಗಳೂರು, ಕಾರ್ಕಳದ ಗೋಡಂಬಿ ಕಾರ್ಖಾನೆಗಳಿಗೆ ಊರ ಗೇರುಬೀಜ ಸಾಲದು. ಆಫ್ರಿಕಾದ ಕಚ್ಚಾ ಬೀಜ ಹಡಗಿನಲ್ಲಿ ಬರಬೇಕು. ಅದಕ್ಕೂ ಮೊದಲು ಇನ್‌ವಾಯ್ಸ್‌ನ ಫೋಟೊ ಮೊಬೈಲಿಗೆ ಬರುತ್ತದೆ. ಐವರಿ ಕೋಸ್ಟ್‌ನಿಂದ ಬಂದ ಇಂಥದ್ದೊಂದು ಹಾಳೆ ಇದೆ ಎಂದುಕೊಳ್ಳಿ. ತೂಕದ ಜಾಗದಲ್ಲಿ `16,000 MT` ಎಂದಿದೆ. ಹದಿನಾರು ಸಾವಿರ ಟನ್ನೇ? ಅಲ್ಲಿ ಫ್ರೆಂಚ್ ರೂಢಿ. ನಾವು ದಶಮಾಂಶಕ್ಕೆ ಚುಕ್ಕಿ ಇಡುವಲ್ಲಿ ಅವರು ಅಲ್ಪವಿರಾಮ ಇಡುತ್ತಾರೆ. ಅದು ಬರೀ 16 ಟನ್. ಅನುಮಾನವಿದ್ದರೆ ಚೀಲಗಳ ಲೆಕ್ಕ ನೋಡಿ: 80 ಕಿಲೋದ 200 ಚೀಲ, ಅಂದರೆ 16,000 ಕಿಲೋ. ಫೋಟೊದಲ್ಲಿ 1 ಮತ್ತು 7 ಒಂದೇ ಥರ ಕಂಡಾಗಲೂ ಹೀಗೆ ಗುಣಿಸಿ ನೋಡುವುದೇ ದಾರಿ. ಗೋಣಿಯ ತೂಕ ಸೇರಿದ `GROSS` ಬಿಟ್ಟು `NET` ಅನ್ನೇ ಹಿಡಿಯಬೇಕು.

ದರ ಟನ್ನಿಗೆ 1,200 ಡಾಲರ್, `FOB`. ಅಂದರೆ ಬೀಜವನ್ನು ಅಲ್ಲಿ ಹಡಗಿಗೇರಿಸುವವರೆಗಿನ ಬೆಲೆ ಮಾತ್ರ. ಒಟ್ಟು 19,200. ಇದಕ್ಕೆ ಹಡಗಿನ ಬಾಡಿಗೆ 1,400, ವಿಮೆ 100 ಸೇರಿದರೆ 20,700 ಡಾಲರ್.

ಇದನ್ನು ರೂಪಾಯಿಗೆ ತಿರುಗಿಸಲು ಎರಡು ದರ ಬೇಕು. ಸುಂಕ ಲೆಕ್ಕಹಾಕುವುದು ಕಸ್ಟಮ್ಸ್ ಪ್ರಕಟಿಸುವ ದರದಲ್ಲಿ, ಹಣ ಹೋಗುವುದು ಬ್ಯಾಂಕಿನ ದರದಲ್ಲಿ. ಕಸ್ಟಮ್ಸ್ ದರ 85 ಎಂದಿಟ್ಟುಕೊಂಡರೆ ಸರಕಿನ ಮೌಲ್ಯ 17,59,500 ರೂಪಾಯಿ. ಅದರ ಮೇಲೆ ಸುಂಕ ಶೇ. 2.5, ಆ ಸುಂಕದ ಮೇಲೆ ಶೇ. 10 ಸರ್‌ಚಾರ್ಜ್ ಎಂದು ಹಿಡಿದರೆ ಸುಮಾರು 48,386. ಬ್ಯಾಂಕಿನವರು ಡಾಲರಿಗೆ 86 ಹಾಕಿದರೆ ನಮ್ಮ ಖಾತೆಯಿಂದ ಹೋಗುವುದು 17,80,200. ಬಂದರು, ಏಜೆಂಟ್, ಲಾರಿ ಎಲ್ಲ ಸೇರಿ 70,000 ಎನ್ನೋಣ. ಐಜಿಎಸ್‌ಟಿಯನ್ನೂ ಮೊದಲೇ ಕಟ್ಟಬೇಕು. ಆದರೆ ನೋಂದಾಯಿತ ಕಾರ್ಖಾನೆಗೆ ಅದು ಕ್ರೆಡಿಟ್ಟಾಗಿ ಸಿಗುವುದರಿಂದ ಇಲ್ಲಿ ಸೇರಿಸಿಲ್ಲ. ಕೊನೆಗೆ 18,98,586 ರೂಪಾಯಿ. ಕಾರ್ಖಾನೆ ಬಾಗಿಲಿಗೆ ಬಂದ ಬೀಜ ಕಿಲೋಗೆ 118.66.

ಅನೇಕರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಆದರೆ ಮಾರುವುದು ಬೀಜವನ್ನಲ್ಲ, ತಿರುಳನ್ನು. ಹಾಳೆಯ ಮೂಲೆಯಲ್ಲಿ `OUTTURN 47 LBS` ಎಂದಿರುತ್ತದೆ: 80 ಕಿಲೋ ಚೀಲದಲ್ಲಿ 47 ಪೌಂಡ್ ಒಳ್ಳೆಯ ತಿರುಳು. ಚೀಲ ಕಿಲೋದಲ್ಲಿ, ತಿರುಳು ಪೌಂಡಿನಲ್ಲಿ. ವ್ಯಾಪಾರದ ವಿಚಿತ್ರ ರೂಢಿ. ಪೌಂಡಿಗೆ 0.4536 ಕಿಲೋದಂತೆ ಚೀಲಕ್ಕೆ 21.32 ಕಿಲೋ, ಇನ್ನೂರು ಚೀಲಕ್ಕೆ 4,264 ಕಿಲೋ ತಿರುಳು. ಸುಲಿಯುವ ಖರ್ಚಿಗೆ ಮುಂಚೆಯೇ ತಿರುಳು ಕಿಲೋಗೆ ಸುಮಾರು 445 ರೂಪಾಯಿ ಆಯಿತು. ಬಂದರಿನಲ್ಲಿ ಮಾದರಿ ಬೀಜ ಕತ್ತರಿಸಿ ನೋಡಿದಾಗ ಔಟ್‌ಟರ್ನ್ 45ಕ್ಕೆ ಇಳಿದಿದ್ದರೆ ಅದೇ ತಿರುಳಿಗೆ 465. ಡಾಲರ್ ಒಂದು ರೂಪಾಯಿ ಏರಿದರೆ ಕಿಲೋಗೆ ಬೀಳುವುದು ಐದು ರೂಪಾಯಿ. ಎರಡು ಪೌಂಡ್ ಕಡಿಮೆಯಾದರೆ ಇಪ್ಪತ್ತು.