ಹೊಸ ಅಧಿಸೂಚನೆ ಬಿದ್ದರೆ ಫೋನಿಗೆ ಸುದ್ದಿ

ತಾಲ್ಲೂಕು ಕೇಂದ್ರದ ಸೈಬರ್ ಸೆಂಟರುಗಳಲ್ಲಿ ಮಾಲೀಕರ ಕಂಪ್ಯೂಟರನ್ನು ಗಮನಿಸಿದರೆ ಕೆಲವು ಪುಟಗಳು ಸದಾ ತೆರೆದೇ ಇರುತ್ತವೆ. ಕೆಪಿಎಸ್‌ಸಿ, ಕೆಇಎ, ಹತ್ತಿರದ ವಿಶ್ವವಿದ್ಯಾಲಯ, ಯಾವುದೋ ನಿಗಮ. ನೇಮಕಾತಿ ಅಧಿಸೂಚನೆ, ಕೀ ಉತ್ತರ, ತಾತ್ಕಾಲಿಕ ಆಯ್ಕೆ ಪಟ್ಟಿ, ಕೊನೆಯ ದಿನಾಂಕದ ವಿಸ್ತರಣೆ, ಇವೆಲ್ಲ ಯಾವ ಹೊತ್ತಿಗೆ ಪ್ರಕಟವಾಗುತ್ತವೆ ಎಂದು ಮೊದಲೇ ತಿಳಿಯುವುದಿಲ್ಲ. ಕೀ ಉತ್ತರಕ್ಕೆ ಆಕ್ಷೇಪಣೆ ಸಲ್ಲಿಸಲು ಸಿಗುವುದು ಕೆಲವೇ ದಿನ. ಹಾಗಾಗಿ ಮಾಲೀಕರೂ ಅಭ್ಯರ್ಥಿಗಳೂ ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತ ಕೂರುತ್ತಾರೆ.

ಈ ಕಾಯುವ ಕೆಲಸವನ್ನು ಒಂದು ಪುಟ್ಟ ಪ್ರೋಗ್ರಾಮಿಗೆ ಒಪ್ಪಿಸಬಹುದು. ನಿಗದಿತ ಸಮಯಕ್ಕೊಮ್ಮೆ ಪುಟವನ್ನು ತರಿಸಿಕೊಂಡು, ಅದರಲ್ಲಿರುವ ಪಟ್ಟಿಯನ್ನು ಓದಿ, ನಮಗೆ ಬೇಕಾದುದನ್ನಷ್ಟೇ ಹೆಕ್ಕುವ ಪ್ರೋಗ್ರಾಮಿಗೆ ಸ್ಕ್ರೇಪರ್ ಎನ್ನುತ್ತಾರೆ. ಅದು ಹೆಕ್ಕಿದ್ದನ್ನು ಫೋನಿಗೆ ಮುಟ್ಟಿಸುವುದು ಮೆಸೇಜಿಂಗ್ ಆ್ಯಪ್‌ನ ಬಾಟ್. ಮುಟ್ಟಿಸುವುದು ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಬಾಟ್ ಯಾವಾಗ ಸುಮ್ಮನಿರಬೇಕು, ಅದು ಸುಮ್ಮನಿದ್ದರೆ ಏನೆಂದು ತಿಳಿಯಬೇಕು ಎನ್ನುವುದನ್ನು ಸರಿಪಡಿಸುವುದೇ ನಿಜವಾದ ಕೆಲಸ.

ಬಾಟ್ ಹುಟ್ಟಿಸುವ ಬಗೆ

ಸ್ವಂತ ಉಪಯೋಗಕ್ಕೆ ಇಂಥದ್ದನ್ನು ಮಾಡಿಕೊಳ್ಳುವವರು ಹೆಚ್ಚಾಗಿ ಹಿಡಿಯುವುದು ಟೆಲಿಗ್ರಾಂ. ವಾಟ್ಸ್‌ಆ್ಯಪ್‌ನಲ್ಲೂ ಅಧಿಕೃತ ದಾರಿ ಇದೆ, ಆದರೆ ಅದು ವ್ಯಾಪಾರ ಸಂಸ್ಥೆಗಳಿಗಾಗಿ ಮಾಡಿದ್ದು. ಅಲ್ಲಿ ವ್ಯಾಪಾರದ ಖಾತೆ ಬೇಕು, ನಾವಾಗಿಯೇ ಕಳಿಸುವ ಸಂದೇಶದ ಮಾದರಿಗೆ ಮೊದಲೇ ಒಪ್ಪಿಗೆ ಪಡೆಯಬೇಕು. ಟೆಲಿಗ್ರಾಂ 2015ರಲ್ಲೇ ಬಾಟ್‌ಗಳಿಗೆ ಬಾಗಿಲು ತೆರೆಯಿತು. ನಮ್ಮಂಥವರ ಸಣ್ಣ ಬಳಕೆಗೆ ಅಲ್ಲಿ ಶುಲ್ಕವಿಲ್ಲ.

ಟೆಲಿಗ್ರಾಂನಲ್ಲಿ @BotFather ಎಂದು ಹುಡುಕಿ, /newbot ಎಂದು ಬರೆದು ಕಳಿಸಿ. ಅದು ಬಾಟ್‌ಗೆ ಒಂದು ಹೆಸರನ್ನೂ bot ಎಂದು ಕೊನೆಯಾಗುವ ಬಳಕೆದಾರ ಹೆಸರನ್ನೂ ಕೇಳುತ್ತದೆ. ಕೊಟ್ಟರೆ ಅಂಕಿಗಳು, ನಡುವೆ ಒಂದು ಕೋಲನ್, ಆಮೇಲೆ ಅಕ್ಷರಗಳ ಸರಮಾಲೆ ಇರುವ ಟೋಕನ್ ಬರುತ್ತದೆ. ಈ ಟೋಕನ್ ಯಾರ ಕೈಯಲ್ಲಿದೆಯೋ ಬಾಟ್ ಅವರದು. ಪ್ರೋಗ್ರಾಮನ್ನು ಗೆಳೆಯರಿಗೆ ಕೊಡುವಾಗ ಟೋಕನ್ ಅದರೊಳಗೇ ಉಳಿದಿತ್ತು ಎಂದಾದರೆ ತಡಮಾಡದೆ @BotFatherಗೆ /revoke ಕಳಿಸಿ ಹೊಸದನ್ನು ಪಡೆಯಬೇಕು. ಆ ಕ್ಷಣದಿಂದ ಹಳೆಯ ಟೋಕನ್ ನಡೆಯುವುದಿಲ್ಲ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಬಾಟ್ ತಾನಾಗಿ ಯಾರನ್ನೂ ಮಾತಾಡಿಸುವಂತಿಲ್ಲ. ನೀವೇ ಅದರ ಪುಟ ತೆರೆದು ಸ್ಟಾರ್ಟ್ ಒತ್ತಿ, ಒಂದು ಮಾತು ಬರೆಯಬೇಕು. ಆಮೇಲೆ ಬ್ರೌಸರಿನಲ್ಲಿ ಕೆಳಗಿನ ವಿಳಾಸವನ್ನು, TOKEN ಇರುವ ಕಡೆ ನಿಮ್ಮ ಟೋಕನ್ ಹಾಕಿ ತೆರೆದರೆ ನೀವು ಬರೆದ ಮಾತು ಕಾಣುತ್ತದೆ. ಅದರಲ್ಲಿ chat ಎಂಬಲ್ಲಿ ಇರುವ id ಸಂಖ್ಯೆಯೇ ನಿಮ್ಮ ವಿಳಾಸ.

```
https://api.telegram.org/botTOKEN/getUpdates
```

ಪುಟ ಖಾಲಿ ಬಂದರೆ ಗಾಬರಿ ಬೇಡ. ಈ ದಾಖಲೆಯನ್ನು ಟೆಲಿಗ್ರಾಂ 24 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಬಾಟ್‌ಗೆ ಮತ್ತೊಂದು ಮಾತು ಬರೆದು ಪುನಃ ನೋಡಿದರಾಯಿತು. ಟೋಕನ್ ಮತ್ತು ಸಂಖ್ಯೆ ಎರಡೂ ಸಿಕ್ಕ ಮೇಲೆ ಸಂದೇಶ ಕಳಿಸಲು ಇಷ್ಟು ಸಾಕು:

```
curl -d chat_id=987654321 \
  --data-urlencode "text=ನಮಸ್ಕಾರ" \
  "https://api.telegram.org/bot$TOKEN/sendMessage"
```

ಉತ್ತರದಲ್ಲಿ "ok":true ಇದ್ದರೆ ಫೋನ್ ಅಷ್ಟರಲ್ಲೇ ಸದ್ದು ಮಾಡಿರುತ್ತದೆ.

ಹೊಸದು ಯಾವುದು?

ಇನ್ನು ಸ್ಕ್ರೇಪರ್ ವಿಚಾರ. ಒಂದು ನೇಮಕಾತಿ ಸಂಸ್ಥೆಯ ಅಧಿಸೂಚನೆ ಪುಟವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಅಲ್ಲೊಂದು ಕೋಷ್ಟಕ, ಪ್ರತಿ ಸಾಲಿನಲ್ಲಿ ದಿನಾಂಕ, ಶೀರ್ಷಿಕೆ, ಪಿಡಿಎಫ್‌ಗೆ ಕೊಂಡಿ. ಮೊದಲು ಎಲ್ಲರಿಗೂ ಹೊಳೆಯುವ ಉಪಾಯ ಸುಲಭದ್ದು: ಇಡೀ ಪುಟವನ್ನು ಉಳಿಸಿಟ್ಟುಕೊಂಡು, ಮುಂದಿನ ಸಲ ತಂದದ್ದರ ಜೊತೆ ಹೋಲಿಸಿ, ವ್ಯತ್ಯಾಸ ಕಂಡರೆ ಸುದ್ದಿ ಕಳಿಸುವುದು. ಇದನ್ನು ಓಡಿಸಿದರೆ ಪ್ರತಿ ಸಲವೂ ಫೋನ್ ಸದ್ದು ಮಾಡುತ್ತದೆ. ಕಾರಣ ಹುಡುಕಿದರೆ ಪುಟದ ಅಡಿಯಲ್ಲಿ ಕೂತ ಸಂದರ್ಶಕರ ಸಂಖ್ಯೆ ಸಿಕ್ಕಿಬೀಳುತ್ತದೆ. ನಾವು ಪುಟ ತೆರೆದದ್ದಕ್ಕೇ ಅದು ಒಂದು ಏರಿರುತ್ತದೆ! ಅದು ಇಲ್ಲದಿದ್ದರೆ ಇಂದಿನ ದಿನಾಂಕ, ಅದೂ ಇಲ್ಲದಿದ್ದರೆ ಬದಲಾಗುತ್ತಿರುವ ಬ್ಯಾನರ್.

ಆದ್ದರಿಂದ ಪುಟವನ್ನಲ್ಲ, ಸಾಲುಗಳನ್ನು ಹೋಲಿಸಬೇಕು. ಪ್ರತಿ ಸಾಲಿಗೂ ಬದಲಾಗದ ಒಂದು ಗುರುತು ಬೇಕು. ಶೀರ್ಷಿಕೆಯನ್ನೇ ಗುರುತಾಗಿ ಹಿಡಿದರೆ ಕಚೇರಿಯವರು ಒಂದು ಕಾಗುಣಿತ ತಿದ್ದಿದರೂ ಹಳೆಯದು ಹೊಸದಾಗಿ ಕಾಣುತ್ತದೆ. ಪಿಡಿಎಫ್‌ನ ಕೊಂಡಿ ಸಾಮಾನ್ಯವಾಗಿ ಹೆಚ್ಚು ಸ್ಥಿರ. ಆದರೆ ಅದೇ ಹೆಸರಿನ ಕಡತವನ್ನು ಸದ್ದಿಲ್ಲದೆ ಬದಲಿಸಿದರೆ ಕೊಂಡಿ ಹಾಗೇ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ. ತಿದ್ದುಪಡಿಗಳು ಮುಖ್ಯವೆನಿಸುವ ಕಡೆ ಕೊಂಡಿಯ ಜೊತೆಗೆ ಸಾಲಿನ ದಿನಾಂಕವನ್ನೂ ಸೇರಿಸಿ ಗುರುತು ಮಾಡಿಕೊಳ್ಳುವುದು ಕ್ಷೇಮ. ದಿನಾಂಕವನ್ನೂ ಮುಟ್ಟದೆ ಬದಲಿಸಿದ್ದರೆ ಅದಕ್ಕೆ ಈ ವಿಧಾನದಲ್ಲಿ ಉಪಾಯವಿಲ್ಲ.

ಕಳಿಸಿದ ಗುರುತುಗಳೆಲ್ಲ ಒಂದು ಕಡತದಲ್ಲಿ ಸೇರುತ್ತ ಹೋಗುತ್ತವೆ. ಗುರುತಾಗಿ ಕೊಂಡಿಯೊಂದನ್ನೇ ಇಟ್ಟುಕೊಂಡರೆ ಪೈಥಾನ್‌ನಲ್ಲಿ ಮುಖ್ಯ ಭಾಗ ಹೀಗಿರುತ್ತದೆ:

```python
for link, title in reversed(notices):
    if link in seen:
        continue
    r = requests.post(URL, timeout=20, data={
        "chat_id": CHAT, "text": title + "\n" + link})
    if not r.ok:
        break
    seen.add(link)
    save(seen)
    time.sleep(1)
```

ಇಲ್ಲಿ ಸಾಲುಗಳ ಅನುಕ್ರಮಕ್ಕೆ ಅರ್ಥವಿದೆ. ಸಂದೇಶ ತಲುಪಿದ್ದು ಖಚಿತವಾದ ಮೇಲಷ್ಟೇ ಗುರುತು ಕಡತಕ್ಕೆ ಸೇರುತ್ತದೆ. ತಿರುವುಮುರುವು ಮಾಡಿದರೆ, ಗುರುತು ಹಾಕಿದ ಬೆನ್ನಿಗೇ ನೆಟ್‌ವರ್ಕ್ ಕೈಕೊಟ್ಟರೆ, ಆ ಅಧಿಸೂಚನೆ ಎಂದಿಗೂ ಬರುವುದಿಲ್ಲ. ಪ್ರೋಗ್ರಾಮಿನ ಲೆಕ್ಕದಲ್ಲಿ ಅದು ಹೋಗಿಯಾಗಿದೆ. ಈಗಿನ ಕ್ರಮದಲ್ಲಿ ಕೆಟ್ಟರೆ ಹೆಚ್ಚೆಂದರೆ ಒಂದೇ ಸುದ್ದಿ ಎರಡು ಸಲ ಬರಬಹುದು. ಕೊನೆಯ ದಿನಾಂಕದ ಸುದ್ದಿ ತಪ್ಪುವುದಕ್ಕಿಂತ ಎರಡು ಸಲ ಬರುವುದೇ ಮೇಲು.

ಮೊದಲ ದಿನದ ಗದ್ದಲವನ್ನೂ ಮೊದಲೇ ತಪ್ಪಿಸಬೇಕು. ಕಡತ ಖಾಲಿ ಇರುವಾಗ ಪುಟದಲ್ಲಿರುವ ಎಲ್ಲ ಸಾಲುಗಳೂ ಹೊಸವೇ, ಹಾಗಾಗಿ ಎರಡು ವರ್ಷದ ಹಳೆಯ ಅಧಿಸೂಚನೆಗಳೂ ಸಾಲುಗಟ್ಟಿ ಬರುತ್ತವೆ. ಮೊದಲ ಓಟದಲ್ಲಿ ಏನನ್ನೂ ಕಳಿಸದೆ ಗುರುತುಗಳನ್ನು ಬರೆದಿಡಬೇಕು. ಟೆಲಿಗ್ರಾಂಗೂ ಮಿತಿ ಇದೆ. ಒಂದೇ ಚಾಟ್‌ಗೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು, ಒಂದೇ ಗುಂಪಿಗೆ ನಿಮಿಷಕ್ಕೆ 20ಕ್ಕಿಂತ ಹೆಚ್ಚು ಸಂದೇಶ ಬೇಡ ಎನ್ನುತ್ತದೆ. ಮೀರಿದರೆ 429 ಎಂಬ ಉತ್ತರದ ಜೊತೆ ಎಷ್ಟು ಸೆಕೆಂಡು ಕಾಯಬೇಕೆಂದೂ ತಿಳಿಸುತ್ತದೆ.

ಸದ್ದಿಲ್ಲದಿರುವುದರ ಅರ್ಥ

ಇದೆಲ್ಲ ಸರಿಯಾಗಿ, ಪ್ರೋಗ್ರಾಮು ಕ್ರಾನ್ ಮೂಲಕ ಹದಿನೈದು ನಿಮಿಷಕ್ಕೊಮ್ಮೆ ಓಡುತ್ತಿದೆ ಎನ್ನಿ. ವಾರವಿಡೀ ಒಂದೂ ಸಂದೇಶ ಬಂದಿಲ್ಲ. ಹೊಸ ಅಧಿಸೂಚನೆ ಇಲ್ಲವೆಂದೇ? ಇರಬಹುದು. ವೆಬ್‌ಸೈಟಿನವರು ಪುಟದ ವಿನ್ಯಾಸ ಬದಲಿಸಿ, ಕೋಷ್ಟಕವಿದ್ದ ಜಾಗದಲ್ಲಿ ಬೇರೇನೋ ಹಾಕಿದ್ದರೂ ಹೀಗೇ ಆಗುತ್ತದೆ. ಆಗ ಸ್ಕ್ರೇಪರ್ ತಪ್ಪೇನೂ ಹೇಳದೆ ಸೊನ್ನೆ ಸಾಲು ಓದಿ, ಹೊಸದೇನಿಲ್ಲ ಎಂದು ತೀರ್ಮಾನಿಸಿ ಮುಗಿಸುತ್ತದೆ. ಕರೆಂಟ್ ಹೋಗಿ ಕಂಪ್ಯೂಟರ್ ಆರಿದ್ದರೂ, ಲ್ಯಾಪ್‌ಟಾಪ್ ನಿದ್ರೆಗೆ ಜಾರಿದ್ದರೂ ಫೋನಿನಲ್ಲಿ ಕಾಣುವುದು ಅದೇ ನಿಶ್ಶಬ್ದ.

ಇದಕ್ಕೆ ಎರಡು ಕಾವಲು ಬೇಕು. ಮೊದಲನೆಯದು, ಓದಿದ ಸಾಲುಗಳ ಸಂಖ್ಯೆ ಸೊನ್ನೆಯಾದರೆ ಅದನ್ನೇ ದೋಷವೆಂದು ಎಣಿಸಿ "ಪುಟ ಓದಲಾಗುತ್ತಿಲ್ಲ" ಎಂದು ಬಾಟ್ ತಿಳಿಸಬೇಕು. ವರ್ಷಗಟ್ಟಲೆ ಅಧಿಸೂಚನೆ ಹಾಕಿರುವ ಸಂಸ್ಥೆಯ ಪುಟ ಖಾಲಿಯಾಗುವ ಸಂಭವ ಕಡಿಮೆ. ಆದರೆ ಸರ್ವರ್ ಒಂದು ಸಲ ಉತ್ತರಿಸದಿದ್ದಕ್ಕೇ ದೂರು ಬಂದರೆ ಜನ ಬೇಸತ್ತು ಬಾಟನ್ನೇ ಮ್ಯೂಟ್ ಮಾಡುತ್ತಾರೆ. ಸತತ ನಾಲ್ಕು ಸಲ, ಅಂದರೆ ಸುಮಾರು ಒಂದು ಗಂಟೆ ಕೆಟ್ಟಿದ್ದರೆ ಮಾತ್ರ, ಅದೂ ಒಂದೇ ಸಲ ಹೇಳಿಸಬೇಕು.

ಎರಡನೆಯದು ದಿನಕ್ಕೊಂದು ಹಾಜರಿ. ಬೆಳಿಗ್ಗೆ ಎಂಟಕ್ಕೆ "ನಿನ್ನೆ 96 ಸಲ ನೋಡಿದೆ, ಹೊಸದಿಲ್ಲ" ಎಂಬ ಒಂದು ಸಾಲು. disable_notification ಎಂಬ ಆಯ್ಕೆ ಹಾಕಿ ಕಳಿಸಿದರೆ ಅದು ಸದ್ದು ಮಾಡದೆ ಬಂದು ಕೂರುತ್ತದೆ. ಯಂತ್ರವೇ ಸತ್ತರೆ ಸತ್ತೆನೆಂದು ಹೇಳಲು ಅದಕ್ಕೆ ಸಾಧ್ಯವಿಲ್ಲ. ಹಾಜರಿ ಬಾರದಿರುವುದೇ ಆಗ ಸೂಚನೆ. ಎಂಟರ ಬದಲು ಮಧ್ಯಾಹ್ನ ಒಂದೂವರೆಗೆ ಬರುತ್ತಿದ್ದರೆ ದೋಷ ಬಾಟ್‌ನದಲ್ಲ, ಸರ್ವರಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಯಲ್ಲಿದೆ.

ಟೆಲಿಗ್ರಾಂನ ಕಡೆಯಿಂದ ಬರುವ ದೋಷಗಳಿಗೆ ತಮ್ಮದೇ ಸಂಖ್ಯೆಗಳಿವೆ. 401 ಎಂದರೆ ಟೋಕನ್ ತಪ್ಪು, 403 ಎಂದರೆ ನೀವು ಬಾಟನ್ನು ಬ್ಲಾಕ್ ಮಾಡಿದ್ದೀರಿ ಇಲ್ಲವೇ ಸ್ಟಾರ್ಟ್ ಒತ್ತಿಲ್ಲ. 400 ಬಂದರೆ ಚಾಟ್ ಸಂಖ್ಯೆ ತಪ್ಪಿರಬಹುದು, ಅಥವಾ ಸಂದೇಶ 4096 ಅಕ್ಷರಗಳ ಮಿತಿ ದಾಟಿರಬಹುದು. ಅಕ್ಷರ ದಪ್ಪ ಮಾಡುವ ಆಸೆಯಿಂದ ಮಾರ್ಕ್‌ಡೌನ್ ಬಳಸಿದಾಗಲೂ 400 ಬರುವುದುಂಟು, ಏಕೆಂದರೆ ಕಡತದ ಹೆಸರಿನಲ್ಲಿರುವ ಒಂಟಿ ಅಂಡರ್‌ಸ್ಕೋರ್ ಕೂಡ ಅದಕ್ಕೆ ಆಜ್ಞೆಯಂತೆ ಕಾಣುತ್ತದೆ. ಅಧಿಸೂಚನೆಗೆ ಸಾದಾ ಪಠ್ಯವೇ ಸಾಕು.

ಎಷ್ಟು ಸಲ ನೋಡಬೇಕು

ದಿನಕ್ಕೆ ಎರಡು ಮೂರು ಅಧಿಸೂಚನೆ ಹಾಕುವ ತಾಣವನ್ನು ನಿಮಿಷಕ್ಕೊಮ್ಮೆ ಬಡಿಯುವುದರಲ್ಲಿ ಅರ್ಥವಿಲ್ಲ. ಫಲಿತಾಂಶದ ದಿನ ಸಾವಿರಾರು ಜನ ಮುಗಿಬಿದ್ದಿರುವಾಗಲಂತೂ ಅದು ಹೊರೆಯೇ ಸರಿ. ತಾಣದವರು ನಿಮ್ಮ ವಿಳಾಸವನ್ನು ತಡೆದರೂ ದೂರುವಂತಿಲ್ಲ. ತಾಣದ robots.txt ಕಡತದಲ್ಲಿ ಪ್ರೋಗ್ರಾಮುಗಳು ಎಲ್ಲಿಗೆ ಬರಬಾರದೆಂದು ಬರೆದಿದ್ದರೆ ಅದಕ್ಕೆ ಕಟ್ಟುಬೀಳಬೇಕು. ಲಾಗಿನ್ ಆದ ಮೇಲೆ ಕಾಣುವ, ಅಭ್ಯರ್ಥಿಗಳ ವೈಯಕ್ತಿಕ ವಿವರವಿರುವ ಪುಟಗಳಿಗೆ ಸ್ಕ್ರೇಪರ್ ಹೋಗಲೇಬಾರದು.

ಸೈಬರ್ ಸೆಂಟರಿನವರು ಈ ಸುದ್ದಿಯನ್ನು ಗ್ರಾಹಕರಿಗೂ ಹಂಚಬೇಕೆಂದರೆ ಒಂದು ಚಾನೆಲ್ ತೆರೆದು, ಬಾಟನ್ನು ಅಲ್ಲಿ ಅಡ್ಮಿನ್ ಮಾಡಿ, ಚಾಟ್ ಸಂಖ್ಯೆಯ ಜಾಗದಲ್ಲಿ @ ಸಹಿತ ಚಾನೆಲ್ ಹೆಸರು ಕೊಟ್ಟರೆ ಸಾಕು. ಹಾಜರಿಯೂ ದೂರುಗಳೂ ಮಾತ್ರ ತಮ್ಮ ಸ್ವಂತ ಚಾಟ್‌ಗೇ ಬರುವಂತೆ ಬೇರೆ ಇಟ್ಟುಕೊಳ್ಳಬೇಕು. ಸಂದೇಶದಲ್ಲಿ ಮೂಲ ಪಿಡಿಎಫ್‌ನ ಕೊಂಡಿ ಇರಲೇಬೇಕು, ಏಕೆಂದರೆ ಬಾಟ್ ಓದುವುದು ಶೀರ್ಷಿಕೆಯನ್ನು. ಅರ್ಹತೆ, ಶುಲ್ಕ, ಮೀಸಲಾತಿಯ ವಿವರ ಇರುವುದು ಕಡತದೊಳಗೆ.

ಬೇರೆಯವರನ್ನು ಸೇರಿಸುವ ಮುನ್ನ ಒಂದು ಪರೀಕ್ಷೆ. ಚಾನೆಲ್ ಹೆಸರು ಹಾಕದೆ, ಸಂದೇಶ ನಿಮ್ಮ ಚಾಟ್‌ಗೇ ಬರುವಂತೆ ಇಟ್ಟು, ಗುರುತುಗಳ ಕಡತದಿಂದ ಒಂದೇ ಒಂದು ಸಾಲನ್ನು ಅಳಿಸಿ ಬಿಡಿ. ಪುಟದಲ್ಲಿ ಈಗಲೂ ಇರುವ ಸಾಲೇ ಆಗಿರಲಿ. ಹದಿನೈದು ನಿಮಿಷದೊಳಗೆ ಆ ಅಧಿಸೂಚನೆ ಫೋನಿಗೆ ಬರಬೇಕು, ಮುಂದಿನ ಹದಿನೈದು ನಿಮಿಷದಲ್ಲಿ ಮತ್ತೆ ಬರಬಾರದು. ಎರಡೂ ಹಾಗೆಯೇ ನಡೆದರೆ ಕ್ರಾನ್, ಸ್ಕ್ರೇಪರ್, ಕಡತ, ಬಾಟ್ ನಾಲ್ಕೂ ಸರಿಯಿವೆ ಎಂದು ನಂಬಿ, ತೆರೆದಿಟ್ಟ ಟ್ಯಾಬ್‌ಗಳನ್ನು ಮುಚ್ಚಬಹುದು.